ಹಳೆಯ ವರ್ಷಗಳ ಸಂಬಳ ಈ ವರ್ಷ ಕೈಸೇರಿದಾಗ: ಫಾರ್ಮ್ 10ಇ ತುಂಬುವ ಬಗೆ

ಪ್ರೌಢಶಾಲೆಯ ಶಿಕ್ಷಕಿಯೊಬ್ಬರ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅವರಿಗೆ 2022ರ ಏಪ್ರಿಲ್‌ನಲ್ಲೇ ಸಿಗಬೇಕಿದ್ದ ಕಾಲಮಿತಿ ವೇತನ ಬಡ್ತಿ ಕಡತದಿಂದ ಕಡತಕ್ಕೆ ಅಲೆದು 2025ರ ಜುಲೈನಲ್ಲಿ ಮಂಜೂರಾಯಿತು. ಆಗಸ್ಟ್‌ನಲ್ಲಿ ಹಿಂಬಾಕಿಯ ಬಿಲ್ಲು ಪಾಸಾಗಿ ಹಣ ಖಾತೆಗೆ ಬಂತು. ಮೂರು ವರ್ಷ ಕಾದದ್ದಕ್ಕೆ ಕೊನೆಗೂ ಫಲ ಸಿಕ್ಕಿತು ಎಂದುಕೊಳ್ಳುವ ಹೊತ್ತಿಗೆ ಕಚೇರಿಯಿಂದ ತೆರಿಗೆಯ ಅಂದಾಜು ಪಟ್ಟಿ ಬಂತು. ಅದರಲ್ಲಿದ್ದ ತೆರಿಗೆ 1,18,560 ರೂಪಾಯಿ. ಹಿಂಬಾಕಿ ಬಾರದೇ ಇದ್ದಿದ್ದರೆ ಆ ವರ್ಷ ಅವರು ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಬೇಕಿರಲಿಲ್ಲ.

ಇದು ನ್ಯಾಯವಲ್ಲ ಎಂದು ಅವರಿಗೆ ಅನ್ನಿಸಿದರೆ ಅದು ಸರಿಯೇ. ಹಣ ತಡವಾದದ್ದು ಅವರ ತಪ್ಪಿನಿಂದ ಅಲ್ಲ. ಈ ಅನ್ಯಾಯ ಕಾನೂನಿಗೂ ಗೊತ್ತಿದೆ. 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಸೆಕ್ಷನ್ ಇರುವುದೇ ಇದಕ್ಕಾಗಿ. ಲೆಕ್ಕ ಹಾಕುವ ಕ್ರಮವನ್ನು 21ಎ ನಿಯಮ ಹೇಳುತ್ತದೆ, ಅದನ್ನು ಇಲಾಖೆಗೆ ಸಲ್ಲಿಸುವ ಅರ್ಜಿಯೇ ಫಾರ್ಮ್ 10ಇ. ಆದರೆ ಈ ಪರಿಹಾರ ತಾನಾಗಿ ಬರುವುದಿಲ್ಲ. ನಾವು ಲೆಕ್ಕ ಹಾಕಿ, ಫಾರ್ಮ್ ಸಲ್ಲಿಸಿ, ಕೇಳಿ ಪಡೆಯಬೇಕು. ಆ ಶಿಕ್ಷಕಿಗೆ ಸಿಗುವ ಪರಿಹಾರ 53,560 ರೂಪಾಯಿ. ಅದು ಹೇಗೆ ಬಂತು, ಎಲ್ಲಿ ಕೈತಪ್ಪಿ ಹೋಗಬಹುದು ಎಂಬುದನ್ನು ಹಂತಹಂತವಾಗಿ ನೋಡೋಣ.

ತೆರಿಗೆ ಯಾವ ವರ್ಷಕ್ಕೆ ಸೇರುತ್ತದೆ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಹಿಂಬಾಕಿ 2022-23ಕ್ಕೆ ಸೇರಿದ್ದಾದರೆ ಆ ವರ್ಷದ ರಿಟರ್ನ್ ತಿದ್ದಿ ಅಲ್ಲಿಯೇ ತೋರಿಸಬಹುದು ಎಂದು ಅನೇಕರು ಭಾವಿಸುತ್ತಾರೆ. ಹಾಗೆ ಮಾಡುವಂತಿಲ್ಲ. ಸಂಬಳ ಸಲ್ಲಬೇಕಾದ ವರ್ಷದಲ್ಲೇ ಅದಕ್ಕೆ ತೆರಿಗೆ ಬೀಳದಿದ್ದರೆ, ಹಿಂಬಾಕಿಯಾಗಿ ಪಾವತಿಯಾದ ವರ್ಷದ ಆದಾಯವಾಗಿಯೇ ಅದು ಪೂರ್ತಿ ಎಣಿಕೆಯಾಗುತ್ತದೆ. ಹಳೆಯ ವರ್ಷಗಳ ರಿಟರ್ನ್‌ಗಳನ್ನು ನಾವು ಮುಟ್ಟುವುದೇ ಇಲ್ಲ. 89ನೇ ಸೆಕ್ಷನ್ ಆದಾಯವನ್ನು ಹಿಂದಿನ ವರ್ಷಕ್ಕೆ ಸಾಗಿಸುವುದಿಲ್ಲ, ತಡವಾಗಿ ಬಂದದ್ದರಿಂದ ಎಷ್ಟು ಹೆಚ್ಚುವರಿ ತೆರಿಗೆ ಬಿತ್ತೋ ಅಷ್ಟನ್ನು ಈ ವರ್ಷದ ತೆರಿಗೆಯಿಂದ ಕಳೆಯುತ್ತದೆ.

ಹಾಗಾಗಿ ಹಣ ಬಂದ ದಿನಾಂಕ ಮುಖ್ಯ. ಆದೇಶ ಮಾರ್ಚ್‌ನಲ್ಲಿ ಹೊರಟು ಹಣ ಏಪ್ರಿಲ್‌ನಲ್ಲಿ ಪಾವತಿಯಾದರೆ ಲೆಕ್ಕ ಮುಂದಿನ ಆರ್ಥಿಕ ವರ್ಷಕ್ಕೆ ಹೋಗುತ್ತದೆ. ಈ ಬಾರಿ ಇದನ್ನು ಇನ್ನಷ್ಟು ಗಮನಿಸಬೇಕಾದ ಕಾರಣವಿದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದೆ. ಅದರಲ್ಲೂ ಈ ಪರಿಹಾರ 157ನೇ ಸೆಕ್ಷನ್ ಆಗಿ ಉಳಿದಿದೆ, ಆದರೆ ಫಾರ್ಮ್‌ಗಳ ಸಂಖ್ಯೆ ಬದಲಾಗಿದೆ. 2026ರ ಮಾರ್ಚ್ 31ರೊಳಗೆ ಪಾವತಿಯಾದ ಹಿಂಬಾಕಿಗೆ ಹಳೆಯ ಕಾಯ್ದೆ, 89ನೇ ಸೆಕ್ಷನ್, ಫಾರ್ಮ್ 10ಇ ಇವೇ ಅನ್ವಯ. ಈ ಲೇಖನ ಅಂಥ ಹಣದ ಬಗ್ಗೆ, ಅಂದರೆ 2025-26ನೇ ಆರ್ಥಿಕ ವರ್ಷದಲ್ಲಿ ಬಂದ ಹಿಂಬಾಕಿಯ ಬಗ್ಗೆ.

ಕೈಯಲ್ಲಿ ಇರಬೇಕಾದ ಕಾಗದಗಳು

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ತಿಂಗಳುವಾರು ಸಲ್ಲಬೇಕಾದ ವೇತನ ಎಷ್ಟು, ಆಗ ಸಂದಾಯವಾದದ್ದು ಎಷ್ಟು, ವ್ಯತ್ಯಾಸ ಎಷ್ಟು ಎಂದು ತೋರಿಸುವ ತಖ್ತೆ. ಹಿಂಬಾಕಿ ಬಿಲ್ಲಿನ ಜೊತೆಗೆ ಇದು ಇದ್ದೇ ಇರುತ್ತದೆ. ವೇತನ ಬಟವಾಡೆ ಅಧಿಕಾರಿಯ ಕಚೇರಿಯಿಂದ ಪ್ರತಿ ಕೇಳಿ ಪಡೆಯಿರಿ, ಸಹಿ ಮತ್ತು ಮೊಹರು ಇದ್ದರೆ ಇನ್ನೂ ಒಳ್ಳೆಯದು. ಖಾಸಗಿ ಸಂಸ್ಥೆಯಲ್ಲಿದ್ದರೆ ಲೆಕ್ಕಪತ್ರ ವಿಭಾಗದಿಂದ ವರ್ಷವಾರು ವಿವರದ ಪತ್ರ ತೆಗೆದುಕೊಳ್ಳಿ. ಮುಂದೆ ಇಲಾಖೆ ಪ್ರಶ್ನೆ ಕೇಳಿದರೆ ತೋರಿಸಲು ಇರುವ ಆಧಾರ ಇದೊಂದೇ.

ಎರಡನೆಯದು, ಹಿಂಬಾಕಿ ಯಾವ ಯಾವ ವರ್ಷಗಳಿಗೆ ಸೇರಿದೆಯೋ ಆ ಎಲ್ಲ ವರ್ಷಗಳ ರಿಟರ್ನ್‌ಗಳು. ಕಾಗದದ ಪ್ರತಿ ಕಳೆದುಹೋಗಿದ್ದರೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ `e-File` ಒಳಗೆ `Income Tax Returns`, ಅಲ್ಲಿಂದ `View Filed Returns` ತೆರೆದರೆ ಸಿಗುತ್ತವೆ. ರಿಟರ್ನ್ ಸಲ್ಲಿಸದ ವರ್ಷವಿದ್ದರೆ ಆ ವರ್ಷದ ಫಾರ್ಮ್ 16 ನೋಡಿ ಒಟ್ಟು ಆದಾಯವನ್ನು ಲೆಕ್ಕ ಹಾಕಬೇಕಾಗುತ್ತದೆ. ಪ್ರತಿ ರಿಟರ್ನ್‌ನಿಂದ ನಮಗೆ ಬೇಕಾದದ್ದು ಎರಡೇ ಸಂಗತಿ: ಎಲ್ಲ ಕಡಿತಗಳ ನಂತರದ ಒಟ್ಟು ಆದಾಯ ಎಷ್ಟಿತ್ತು, ಮತ್ತು ಆ ವರ್ಷ ಹಳೆಯ ತೆರಿಗೆ ಪದ್ಧತಿಯಲ್ಲಿದ್ದಿರೋ ಹೊಸ ಪದ್ಧತಿಯಲ್ಲಿದ್ದಿರೋ.

ಹಿಂಬಾಕಿಯನ್ನು ವರ್ಷವಾರು ಹಂಚುವುದು

ನಮ್ಮ ಶಿಕ್ಷಕಿಯ ಬಿಲ್ಲಿನ ಒಟ್ಟು ಮೊತ್ತ 4,72,000 ರೂಪಾಯಿ. ಖಾತೆಗೆ ಬಂದದ್ದು ಅದಕ್ಕಿಂತ ಕಡಿಮೆ, ಏಕೆಂದರೆ ತೆರಿಗೆ ಮತ್ತು ಪಿಂಚಣಿ ವಂತಿಗೆಯನ್ನು ಅಲ್ಲಿಯೇ ಹಿಡಿದಿದ್ದರು. ಬ್ಯಾಂಕ್ ಪಾಸ್‌ಬುಕ್ ನೋಡಿಕೊಂಡು ಫಾರ್ಮ್ ತುಂಬಿದರೆ ಇಲ್ಲೇ ತಪ್ಪುತ್ತದೆ. ನಮಗೆ ಬೇಕಾದದ್ದು ಕಡಿತಕ್ಕೆ ಮೊದಲಿನ ಪೂರ್ಣ ಮೊತ್ತ. ಹಿಂಬಾಕಿಯ ಒಂದು ಭಾಗವನ್ನು ಭವಿಷ್ಯ ನಿಧಿಗೆ ಜಮೆ ಮಾಡಿದ್ದರೂ ಅದು ಸಂಬಳವೇ.

ಆ 4,72,000ದಲ್ಲಿ 2025ರ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳ ವ್ಯತ್ಯಾಸವೂ ಸೇರಿದೆ. ತಿಂಗಳಿಗೆ 13,000ದಂತೆ 52,000 ರೂಪಾಯಿ. ಇದು ಇದೇ ಆರ್ಥಿಕ ವರ್ಷಕ್ಕೆ ಸಲ್ಲಬೇಕಾದ ಸಂಬಳ. ತಡವಾಗಿ ಬಂದಿದ್ದರೂ ವರ್ಷ ದಾಟಿಲ್ಲ, ಆದ್ದರಿಂದ ಇದಕ್ಕೆ ಪರಿಹಾರವಿಲ್ಲ. ಬಿಲ್ಲಿನಲ್ಲಿ ಹಿಂಬಾಕಿ ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಇಡೀ ಮೊತ್ತವನ್ನು ಫಾರ್ಮ್‌ಗೆ ಹಾಕುವುದು ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ಅದನ್ನು ತೆಗೆದರೆ ಉಳಿಯುವುದು 4,20,000. ತಖ್ತೆಯ ಪ್ರಕಾರ ಅದರ ಹಂಚಿಕೆ ಹೀಗಿದೆ: 2022-23ಕ್ಕೆ ತಿಂಗಳಿಗೆ 10,000ದಂತೆ 1,20,000; 2023-24ಕ್ಕೆ 12,000ದಂತೆ 1,44,000; 2024-25ಕ್ಕೆ 13,000ದಂತೆ 1,56,000.

ಹಂಚುವಾಗ ಸರಾಸರಿ ತೆಗೆಯಬೇಡಿ. ಒಟ್ಟು ಮೊತ್ತವನ್ನು ಮೂರರಿಂದ ಭಾಗಿಸಿ ಪ್ರತಿ ವರ್ಷಕ್ಕೂ 1,40,000 ಎಂದು ಬರೆಯುವುದು ಸುಲಭ, ಆದರೆ ಅದು ಸುಳ್ಳು ಲೆಕ್ಕ. ಯಾವ ತಿಂಗಳ ವ್ಯತ್ಯಾಸ ಎಷ್ಟೋ ಅದು ಆ ತಿಂಗಳು ಬರುವ ಆರ್ಥಿಕ ವರ್ಷಕ್ಕೇ ಹೋಗಬೇಕು. ಹಿಂಬಾಕಿಯ ಜೊತೆಗೆ ನ್ಯಾಯಾಲಯದ ಆದೇಶದಂತೆ ಬಡ್ಡಿ ಬಂದಿದ್ದರೆ ಅದನ್ನೂ ಪ್ರತ್ಯೇಕವಾಗಿ ಇಡಿ. ಬಡ್ಡಿಯನ್ನು ಸಾಮಾನ್ಯವಾಗಿ ಸಂಬಳವಾಗಿ ಅಲ್ಲ, ಇತರ ಮೂಲಗಳ ಆದಾಯವಾಗಿ ತೋರಿಸಲಾಗುತ್ತದೆ.

ಈ ವರ್ಷದ ತೆರಿಗೆ: ಎರಡು ಸಲ

ಈಗ ಲೆಕ್ಕ. ಈ ವರ್ಷದ ತೆರಿಗೆಯನ್ನು ಎರಡು ಸಲ ಹಾಕಬೇಕು, ಒಮ್ಮೆ ಹಿಂಬಾಕಿ ಇಲ್ಲದೆ, ಮತ್ತೊಮ್ಮೆ ಸೇರಿಸಿ.

ಶಿಕ್ಷಕಿ 2025-26ರಲ್ಲಿ ಹೊಸ ಪದ್ಧತಿಯಲ್ಲಿದ್ದಾರೆ. ಹಳೆಯ ವರ್ಷಗಳ ಹಿಂಬಾಕಿ ಬಿಟ್ಟು ಅವರ ಸಂಬಳ 12,15,000. ಇದರಲ್ಲಿ ಆ ನಾಲ್ಕು ತಿಂಗಳ 52,000ವೂ ಸೇರಿದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11,40,000. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ 87ಎ ಸೆಕ್ಷನ್ ಪ್ರಕಾರ 60,000 ರೂಪಾಯಿವರೆಗೆ ರಿಬೇಟ್ ಇರುವುದರಿಂದ ಅವರ ತೆರಿಗೆ ಸೊನ್ನೆ.

ಹಿಂಬಾಕಿಯ 4,20,000 ಸೇರಿದರೆ ಆದಾಯ 15,60,000 ಆಗುತ್ತದೆ. ಹಿಂಬಾಕಿಗೆಂದು ಬೇರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ನಂತರದ 4 ಲಕ್ಷಕ್ಕೆ ಶೇ 5ರಂತೆ 20,000, ಅದರ ನಂತರದ 4 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 3,60,000ಕ್ಕೆ ಶೇ 15ರಂತೆ 54,000. ಒಟ್ಟು 1,14,000. ಶೇ 4ರ ಸೆಸ್ 4,560 ಸೇರಿಸಿದರೆ 1,18,560. 12 ಲಕ್ಷದ ಗೆರೆ ದಾಟಿದ್ದರಿಂದ ರಿಬೇಟ್ ಪೂರ್ತಿ ಹೋಯಿತು. ಹೆಚ್ಚಿನ ಸ್ಲ್ಯಾಬ್‌ಗೆ ಏರಿದ್ದಕ್ಕಿಂತ ಈ ರಿಬೇಟ್ ಕಳೆದುಕೊಂಡದ್ದೇ ದೊಡ್ಡ ಪೆಟ್ಟು. ಈ ಬಾರಿ 11, 12 ಲಕ್ಷದ ಆಸುಪಾಸಿನಲ್ಲಿರುವ ನೌಕರರಿಗೆ ಹಿಂಬಾಕಿ ಬಂದರೆ ಫಾರ್ಮ್ 10ಇ ತುಂಬಿ ನೋಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹಿಂಬಾಕಿ ಬಂದದ್ದರಿಂದ ಈ ವರ್ಷ ಬಿದ್ದ ತೆರಿಗೆ, 1,18,560ರಿಂದ ಸೊನ್ನೆ ಕಳೆದರೆ, 1,18,560.

ಹಿಂಬಾಕಿ ಚಿಕ್ಕದಾಗಿದ್ದರೆ ಇಲ್ಲೊಂದು ಎಚ್ಚರ ಬೇಕು. ಆದಾಯ 12 ಲಕ್ಷವನ್ನು ಸ್ವಲ್ಪವೇ ದಾಟಿದಾಗ, ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ ಎಂಬ ನಿಯಮವಿದೆ. ಅವರಿಗೆ 80,000 ಮಾತ್ರ ಬಂದಿದ್ದು ಆದಾಯ 12,20,000 ಆಗಿದ್ದರೆ ಸ್ಲ್ಯಾಬ್ ಲೆಕ್ಕದಲ್ಲಿ ತೆರಿಗೆ 63,000 ಬರುತ್ತದೆ. ಆದರೆ ಕಟ್ಟಬೇಕಾದದ್ದು 20,000 ಮತ್ತು ಸೆಸ್ 800. ಫಾರ್ಮ್‌ನಲ್ಲಿ 63,000ದ ಲೆಕ್ಕ ತೋರಿಸಿದರೆ ಪರಿಹಾರ ಇಲ್ಲದಷ್ಟು ಉಬ್ಬುತ್ತದೆ, ಇಲಾಖೆಯ ಲೆಕ್ಕಕ್ಕೆ ಅದು ತಾಳೆಯಾಗುವುದಿಲ್ಲ.

ಹಳೆಯ ವರ್ಷಗಳ ತೆರಿಗೆ: ಪ್ರತಿ ವರ್ಷಕ್ಕೂ ಎರಡು ಸಲ

ಇದೇ ಕೆಲಸವನ್ನು ಪ್ರತಿ ಹಳೆಯ ವರ್ಷಕ್ಕೂ ಮಾಡಬೇಕು. ಆ ವರ್ಷದ ಒಟ್ಟು ಆದಾಯಕ್ಕೆ ಆಗಿದ್ದ ತೆರಿಗೆ ಎಷ್ಟು? ಆ ವರ್ಷಕ್ಕೆ ಸೇರಿದ ಹಿಂಬಾಕಿ ಆಗಲೇ ಬಂದಿದ್ದರೆ ತೆರಿಗೆ ಎಷ್ಟಾಗುತ್ತಿತ್ತು? ಇಲ್ಲಿ ಬಳಸಬೇಕಾದದ್ದು ಈಗಿನ ದರಗಳಲ್ಲ, ಆಯಾ ವರ್ಷ ಜಾರಿಯಲ್ಲಿದ್ದ ದರಗಳು. ಮತ್ತು ಆ ವರ್ಷದ ರಿಟರ್ನ್‌ನಲ್ಲಿ ನೀವು ಆರಿಸಿಕೊಂಡಿದ್ದ ಪದ್ಧತಿ. ಈಗ ಹೊಸ ಪದ್ಧತಿಯಲ್ಲಿದ್ದೇನೆ ಎಂದು ಹಳೆಯ ವರ್ಷಗಳನ್ನೂ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಬಾರದು.

2022-23ರಲ್ಲಿ ಶಿಕ್ಷಕಿ ಹಳೆಯ ಪದ್ಧತಿಯಲ್ಲಿದ್ದರು. ವಿಮೆ, ಭವಿಷ್ಯ ನಿಧಿ ಮುಂತಾದ ಕಡಿತಗಳೆಲ್ಲ ಕಳೆದು ಅವರ ಒಟ್ಟು ಆದಾಯ 6,10,000. ಆ ಪದ್ಧತಿಯಲ್ಲಿ ಎರಡೂವರೆ ಲಕ್ಷದಿಂದ 5 ಲಕ್ಷದವರೆಗೆ ಶೇ 5, ಅಲ್ಲಿಂದ 10 ಲಕ್ಷದವರೆಗೆ ಶೇ 20. ಹಾಗಾಗಿ ತೆರಿಗೆ 12,500 ಮತ್ತು 22,000, ಸೆಸ್ ಸೇರಿ 35,880. ಹಿಂಬಾಕಿಯ 1,20,000 ಸೇರಿದ್ದರೆ ಆದಾಯ 7,30,000, ತೆರಿಗೆ ಸೆಸ್ ಸೇರಿ 60,840. ವ್ಯತ್ಯಾಸ 24,960.

2023-24ರಲ್ಲಿ ಅವರು ಹೊಸ ಪದ್ಧತಿಗೆ ಬಂದರು. ಆಗಿನ ದರಗಳು 3 ಲಕ್ಷದವರೆಗೆ ಇಲ್ಲ, 6 ಲಕ್ಷದವರೆಗೆ ಶೇ 5, 9 ಲಕ್ಷದವರೆಗೆ ಶೇ 10, 12 ಲಕ್ಷದವರೆಗೆ ಶೇ 15. ಆದಾಯ 8,20,000ಕ್ಕೆ ತೆರಿಗೆ ಸೆಸ್ ಸೇರಿ 38,480. 1,44,000 ಸೇರಿಸಿದರೆ ಆದಾಯ 9,64,000, ತೆರಿಗೆ 56,784. ವ್ಯತ್ಯಾಸ 18,304.

2024-25ರಲ್ಲಿ ಹೊಸ ಪದ್ಧತಿಯ ಸ್ಲ್ಯಾಬ್‌ಗಳು ಮತ್ತೆ ಬದಲಾದವು: 7 ಲಕ್ಷದವರೆಗೆ ಶೇ 5, 10 ಲಕ್ಷದವರೆಗೆ ಶೇ 10, 12 ಲಕ್ಷದವರೆಗೆ ಶೇ 15. ಆದಾಯ 9,50,000ಕ್ಕೆ ತೆರಿಗೆ 46,800. 1,56,000 ಸೇರಿದರೆ ಆದಾಯ 11,06,000, ತೆರಿಗೆ 68,536. ವ್ಯತ್ಯಾಸ 21,736.

ಮೂರು ವರ್ಷಗಳಲ್ಲಿ ಮೂರು ಬಗೆಯ ದರಗಳು. ಒಂದೇ ದರಪಟ್ಟಿ ಇಟ್ಟುಕೊಂಡು ಎಲ್ಲ ವರ್ಷಗಳಿಗೂ ಹಾಕಿಬಿಟ್ಟರೆ ಎಲ್ಲಿ ತಪ್ಪುತ್ತದೆ ಎಂಬುದು ಇದರಿಂದ ಕಾಣುತ್ತದೆ. ಕಾಗದದ ಮೇಲೆ ಲೆಕ್ಕ ಹೀಗೆ ನಿಲ್ಲುತ್ತದೆ:

| ಆರ್ಥಿಕ ವರ್ಷ | ಆಗಿನ ಆದಾಯ | ಹಿಂಬಾಕಿ | ಆಗಿನ ತೆರಿಗೆ | ಹಿಂಬಾಕಿ ಸೇರಿದ ತೆರಿಗೆ | ವ್ಯತ್ಯಾಸ |
|---|---|---|---|---|---|
| 2022-23 | 6,10,000 | 1,20,000 | 35,880 | 60,840 | 24,960 |
| 2023-24 | 8,20,000 | 1,44,000 | 38,480 | 56,784 | 18,304 |
| 2024-25 | 9,50,000 | 1,56,000 | 46,800 | 68,536 | 21,736 |
| ಒಟ್ಟು | | 4,20,000 | | | 65,000 |

ಹಣ ಸಕಾಲಕ್ಕೆ ಬಂದಿದ್ದರೆ ಅದರ ಮೇಲೆ ಅವರು ಕಟ್ಟುತ್ತಿದ್ದದ್ದು 65,000. ತಡವಾದ್ದರಿಂದ ಬಿದ್ದದ್ದು 1,18,560. ಇವೆರಡರ ನಡುವಿನ 53,560 ರೂಪಾಯಿಯೇ 89ನೇ ಸೆಕ್ಷನ್‌ನ ಪರಿಹಾರ. ಇದು ಆದಾಯದಿಂದ ಕಳೆಯುವ ಮೊತ್ತವಲ್ಲ, ತೆರಿಗೆಯಿಂದಲೇ ನೇರವಾಗಿ ಕಳೆಯುವಂಥದ್ದು. ಹಾಗಾಗಿ ಈ ವರ್ಷ ಅವರು ಕೊನೆಗೆ ಕಟ್ಟಬೇಕಾದದ್ದು 65,000.

ಪರಿಹಾರ ಸಿಗದ ಸಂದರ್ಭ

ಎಲ್ಲರಿಗೂ ಹೀಗೆ ಅನುಕೂಲವಾಗುವುದಿಲ್ಲ. ಈ ವರ್ಷವೂ ಹಿಂದಿನ ವರ್ಷಗಳಲ್ಲೂ ಶೇ 30ರ ಸ್ಲ್ಯಾಬ್‌ನಲ್ಲೇ ಇದ್ದವರಿಗೆ ಎರಡೂ ಕಡೆ ತೆರಿಗೆ ಹೆಚ್ಚುಕಡಿಮೆ ಸಮನಾಗಿ ಪರಿಹಾರ ಸೊನ್ನೆಯಾಗುತ್ತದೆ. ಹಿಂದಿನ ವರ್ಷಗಳ ತೆರಿಗೆಯ ವ್ಯತ್ಯಾಸವೇ ಹೆಚ್ಚಾಗಿ ಬಂದರೆ ಪರಿಹಾರ ಇಲ್ಲ ಅಷ್ಟೇ, ಹೆಚ್ಚುವರಿಯಾಗಿ ಏನನ್ನೂ ಕಟ್ಟಬೇಕಿಲ್ಲ.

ರಿಬೇಟ್ ಕಳೆದುಹೋಗುವ ಪೆಟ್ಟು ಹಳೆಯ ವರ್ಷಕ್ಕೂ ಬೀಳಬಹುದು. 2022-23ರಲ್ಲಿ ಹಳೆಯ ಪದ್ಧತಿಯಲ್ಲಿ 4,90,000 ಆದಾಯವಿದ್ದವರು ರಿಬೇಟ್‌ನಿಂದಾಗಿ ತೆರಿಗೆಯನ್ನೇ ಕಟ್ಟಿರುವುದಿಲ್ಲ. ಆ ವರ್ಷಕ್ಕೆ 60,000 ಹಿಂಬಾಕಿ ಸೇರಿದರೆ ಆದಾಯ 5,50,000 ಆಗಿ ತೆರಿಗೆ ಸೆಸ್ ಸೇರಿ 23,400 ಆಗುತ್ತದೆ. 60,000ಕ್ಕೆ 23,400! ಅಂಥ ಒಂದೇ ವರ್ಷ ಉಳಿದ ವರ್ಷಗಳ ಲಾಭವನ್ನು ನುಂಗಿಬಿಡಬಹುದು. ಹಾಗೆಂದು ಅನುಕೂಲವಾದ ವರ್ಷಗಳನ್ನು ಮಾತ್ರ ತೋರಿಸಿ ಆ ವರ್ಷವನ್ನು ಬಿಡಲು ಬರುವುದಿಲ್ಲ. ಬಂದ ಹಿಂಬಾಕಿ ಪೂರ್ತಿಯಾಗಿ ಹಂಚಿಕೆಯಾಗಬೇಕು.

ಇನ್ನೊಂದು ಮಾತು. ಈ ವರ್ಷ ಹಳೆಯ ಪದ್ಧತಿಯೋ ಹೊಸದೋ ಎಂಬ ತೀರ್ಮಾನವನ್ನು ಪರಿಹಾರದ ಲೆಕ್ಕ ಮುಗಿಸಿದ ಮೇಲೆ ಮಾಡಿ. ಎರಡೂ ಪದ್ಧತಿಗಳಲ್ಲಿ ಪರಿಹಾರ ದೊರೆಯುತ್ತದೆ, ಆದರೆ ಮೊತ್ತ ಬೇರೆ ಬೇರೆ ಬರುತ್ತದೆ. ಗೃಹಸಾಲದ ಬಡ್ಡಿಯಂಥ ದೊಡ್ಡ ಕಡಿತ ಇರುವವರು ಎರಡನ್ನೂ ಹಾಕಿ ನೋಡುವುದು ಒಳಿತು.

ಪೋರ್ಟಲ್‌ನಲ್ಲಿ ಫಾರ್ಮ್ ಸಲ್ಲಿಸುವುದು

ಕಾಗದದ ಲೆಕ್ಕ ಮುಗಿದ ಮೇಲೆಯೇ ಪೋರ್ಟಲ್ ತೆರೆಯಿರಿ. ಲಾಗಿನ್ ಆದ ನಂತರ `e-File`, ಅಲ್ಲಿಂದ `Income Tax Forms`, ಅಲ್ಲಿಂದ `File Income Tax Forms`. ಬರುವ ಪುಟದ ಹುಡುಕಾಟದ ಪೆಟ್ಟಿಗೆಯಲ್ಲಿ `10E` ಎಂದು ಕೊಟ್ಟರೆ ಫಾರ್ಮ್ ಸಿಗುತ್ತದೆ. ಮುಂದೆ ಅಸೆಸ್‌ಮೆಂಟ್ ವರ್ಷ ಕೇಳುತ್ತದೆ. ಕೆಲವರು ಇಲ್ಲಿ ಹಿಂಬಾಕಿ ಸೇರಿದ ಹಳೆಯ ವರ್ಷವನ್ನು ಆರಿಸುತ್ತಾರೆ, ಕೆಲವರು ಪ್ರತಿ ವರ್ಷಕ್ಕೂ ಒಂದೊಂದು ಫಾರ್ಮ್ ತುಂಬುತ್ತಾರೆ. ಎರಡೂ ತಪ್ಪು. ಹಣ ಬಂದ ವರ್ಷಕ್ಕೆ ಒಂದೇ ಫಾರ್ಮ್. 2025-26ರಲ್ಲಿ ಬಂದ ಹಣಕ್ಕೆ ಅಸೆಸ್‌ಮೆಂಟ್ ವರ್ಷ `2026-27`.

ಫಾರ್ಮ್ 10ಇಗೆ ಹಲವು ಅನುಬಂಧಗಳಿವೆ. ಗ್ರಾಚುಟಿಗೆ, ಕೆಲಸದಿಂದ ತೆಗೆದಾಗ ಬರುವ ಪರಿಹಾರಕ್ಕೆ, ಪಿಂಚಣಿ ಪರಿವರ್ತನೆಗೆ ಬೇರೆ ಬೇರೆ. ಹಿಂಬಾಕಿ ಸಂಬಳಕ್ಕೆ ಬೇಕಾದದ್ದು `Annexure I`. ಕುಟುಂಬ ಪಿಂಚಣಿಯ ಹಿಂಬಾಕಿಗೂ ಇದೇ. ಗಂಡ ಅಥವಾ ಹೆಂಡತಿ ತೀರಿಕೊಂಡು, ಪಿಂಚಣಿ ಕಾಗದಗಳು ವರ್ಷಗಟ್ಟಲೆ ತಡವಾಗಿ, ಒಂದೇ ಸಲ ದೊಡ್ಡ ಮೊತ್ತ ಬಂದ ಮನೆಗಳಲ್ಲಿ ಈ ಸೌಲಭ್ಯ ತಮಗೂ ಇದೆ ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಕುಟುಂಬ ಪಿಂಚಣಿ ಇತರ ಮೂಲಗಳ ಆದಾಯದ ಅಡಿ ಬಂದರೂ 89ನೇ ಸೆಕ್ಷನ್ ಅದನ್ನು ಹೆಸರಿಸಿಯೇ ಒಳಗೊಂಡಿದೆ. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ದಯವಿಟ್ಟು ತಿಳಿಸಿ.

ಅನುಬಂಧದ ಮೊದಲ ಅಂಕಣದಲ್ಲಿ ಹಿಂಬಾಕಿ ಬಿಟ್ಟು ಈ ವರ್ಷದ ಒಟ್ಟು ಆದಾಯ, ಎರಡನೆಯದರಲ್ಲಿ ಹಿಂಬಾಕಿ. ನಮ್ಮ ಲೆಕ್ಕದಲ್ಲಿ 11,40,000 ಮತ್ತು 4,20,000. ಒಟ್ಟು ಆದಾಯ ಎಂದರೆ ಬರೀ ಸಂಬಳವಲ್ಲ. ಬ್ಯಾಂಕ್ ಬಡ್ಡಿ, ಬಾಡಿಗೆ ಎಲ್ಲ ಸೇರಿ, ಕಡಿತಗಳೆಲ್ಲ ಹೋಗಿ ಉಳಿಯುವ ಮೊತ್ತ. ಇಲ್ಲಿ ಸಂಬಳದ ಪೂರ್ಣ ಮೊತ್ತ ಬರೆದರೆ ಮುಂದಿನ ಎಲ್ಲ ಅಂಕಿಗಳೂ ಕೆಡುತ್ತವೆ. ನಂತರ `Table A` ಬರುತ್ತದೆ. ಅದು ಮೇಲೆ ನಾವು ಬರೆದ ಪಟ್ಟಿಯ ಹಾಗೆಯೇ ಇರುತ್ತದೆ: ಪ್ರತಿ ಹಳೆಯ ವರ್ಷಕ್ಕೆ ಒಂದು ಸಾಲು. ಆ ಪಟ್ಟಿಯಲ್ಲಿ ಕೇಳುವುದು ಹಣ ಸಲ್ಲಬೇಕಾಗಿದ್ದ ಆರ್ಥಿಕ ವರ್ಷವನ್ನು, ಅಸೆಸ್‌ಮೆಂಟ್ ವರ್ಷವನ್ನಲ್ಲ. ಕೊನೆಯಲ್ಲಿ ಬರುವ ಪರಿಹಾರದ ಮೊತ್ತ ನಿಮ್ಮ ಕಾಗದದ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ಮುಂದೆ ಹೋಗದೆ ಸಾಲು ಸಾಲಾಗಿ ಹೋಲಿಸಿ. ಹೆಚ್ಚಿನ ಸಲ ಸೆಸ್ ಬಿಟ್ಟುಹೋಗಿರುತ್ತದೆ ಅಥವಾ ಒಂದು ವರ್ಷದ ಪದ್ಧತಿ ತಪ್ಪಾಗಿರುತ್ತದೆ.

ಎಲ್ಲ ಸರಿ ಇದ್ದರೆ ಆಧಾರ್ ಒಟಿಪಿ ಮೂಲಕ ದೃಢೀಕರಿಸಿ ಸಲ್ಲಿಸಿ. ದೃಢೀಕರಣ ಆಗದ ಫಾರ್ಮ್ ಸಲ್ಲಿಕೆಯಾದಂತೆ ಅಲ್ಲ. ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ತುಂಬಿದ ಫಾರ್ಮ್‌ನ ಪ್ರತಿಯನ್ನು ಇಳಿಸಿಕೊಳ್ಳಿ. ಪೋರ್ಟಲ್‌ಗೆ ತಖ್ತೆಯನ್ನಾಗಲಿ ಆದೇಶದ ಪ್ರತಿಯನ್ನಾಗಲಿ ಲಗತ್ತಿಸಬೇಕಿಲ್ಲ, ಆದರೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮೊದಲು ಫಾರ್ಮ್, ಆಮೇಲೆ ರಿಟರ್ನ್

ಈ ಕ್ರಮ ತಲೆಕೆಳಗಾಗಬಾರದು. ಫಾರ್ಮ್ 10ಇ ಸಲ್ಲಿಸಿದ ನಂತರವೇ ರಿಟರ್ನ್ ಸಲ್ಲಿಸಬೇಕು. ರಿಟರ್ನ್‌ನ ಸಂಬಳದ ಭಾಗದಲ್ಲಿ ಹಿಂಬಾಕಿ ಸೇರಿದ ಪೂರ್ಣ ಸಂಬಳವನ್ನೇ ತೋರಿಸಬೇಕು. ತೆರಿಗೆಯ ಲೆಕ್ಕ ಬರುವ ಭಾಗದಲ್ಲಿ `Relief u/s 89` ಎಂಬ ಸಾಲಿದೆ, ಅಲ್ಲಿ 53,560 ಬರೆಯಬೇಕು. ಫಾರ್ಮ್‌ನಲ್ಲಿ ಬಂದ ಮೊತ್ತ ಮತ್ತು ಇಲ್ಲಿ ಬರೆಯುವ ಮೊತ್ತ ಒಂದೇ ಆಗಿರಬೇಕು.

ಫಾರ್ಮ್ ಸಲ್ಲಿಸದೆ ರಿಟರ್ನ್‌ನಲ್ಲಿ ಮಾತ್ರ ಪರಿಹಾರ ಬರೆದರೆ ಏನಾಗುತ್ತದೆ? ರಿಟರ್ನ್ ಸರಾಗವಾಗಿ ಸಲ್ಲಿಕೆಯಾಗುತ್ತದೆ. ಕೆಲವು ತಿಂಗಳ ನಂತರ 143(1) ಸೆಕ್ಷನ್‌ನ ಮಾಹಿತಿ ಪತ್ರ ಬರುತ್ತದೆ. ಅದರಲ್ಲಿ ನೀವು ಕೇಳಿದ ಪರಿಹಾರದ ಎದುರು ಸೊನ್ನೆ ಇದ್ದು, ಅಷ್ಟು ತೆರಿಗೆ ಬಡ್ಡಿ ಸಮೇತ ಬಾಕಿ ಎಂದು ಇರುತ್ತದೆ.

ಇದರಲ್ಲಿ ಅತಿ ಹೆಚ್ಚು ಜನ ಬೀಳುವ ಹಳ್ಳವೊಂದಿದೆ. ಸರ್ಕಾರ, ಕಂಪನಿ, ಸಹಕಾರ ಸಂಘ, ವಿಶ್ವವಿದ್ಯಾಲಯ ಮುಂತಾದ ಉದ್ಯೋಗದಾತರು 192(2ಎ) ಸೆಕ್ಷನ್ ಪ್ರಕಾರ ನೌಕರ ಕೊಟ್ಟ 10ಇ ವಿವರ ನೋಡಿ, ಟಿಡಿಎಸ್ ಹಿಡಿಯುವಾಗಲೇ ಪರಿಹಾರ ಕೊಡಬಹುದು. ಹಾಗೆ ಕೊಟ್ಟಾಗ ಫಾರ್ಮ್ 16ರಲ್ಲಿ 89ನೇ ಸೆಕ್ಷನ್‌ನ ಸಾಲಿನಲ್ಲಿ ಮೊತ್ತ ಕಾಣುತ್ತದೆ. ಅದನ್ನು ನೋಡಿ ನೌಕರರು ಕಚೇರಿಯವರೇ ಎಲ್ಲ ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಕಚೇರಿಗೆ ಕೊಟ್ಟ ಕಾಗದ ಕಚೇರಿಯಲ್ಲೇ ಉಳಿಯುತ್ತದೆ, ಇಲಾಖೆಗೆ ತಲುಪುವುದಿಲ್ಲ. ಫಾರ್ಮ್ 16ರಲ್ಲಿ ಪರಿಹಾರ ಬಂದಿದ್ದರೂ ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಿಂದಲೇ ಫಾರ್ಮ್ ಸಲ್ಲಿಸಬೇಕು. ಹಾಗಿದ್ದರೂ ಕಚೇರಿಗೆ ಲೆಕ್ಕ ಕೊಡುವುದು ವ್ಯರ್ಥವಲ್ಲ. ಹಿಂಬಾಕಿ ಬಂದ ತಿಂಗಳಲ್ಲೇ ಬಟವಾಡೆ ಅಧಿಕಾರಿಗೆ ವಿವರ ಕೊಟ್ಟರೆ ಶಿಕ್ಷಕಿಯ ಸಂಬಳದಿಂದ 1,18,560ರ ಬದಲು 65,000 ಮಾತ್ರ ಹಿಡಿಯುತ್ತಾರೆ. ಕೊಡದಿದ್ದರೆ ಪೂರ್ತಿ ಹಿಡಿದು, ಉಳಿದದ್ದನ್ನು ರಿಟರ್ನ್ ನಂತರ ರೀಫಂಡ್ ಆಗಿ ಕಾಯಬೇಕು.

ಫಾರ್ಮ್ ಮರೆತು ರಿಟರ್ನ್ ಸಲ್ಲಿಸಿಬಿಟ್ಟಿದ್ದರೆ ದಿಕ್ಕುಗೆಡಬೇಕಿಲ್ಲ. ಮಾಹಿತಿ ಪತ್ರ ಬರುವುದನ್ನು ಕಾಯದೆ ಅದೇ ಅಸೆಸ್‌ಮೆಂಟ್ ವರ್ಷಕ್ಕೆ ಫಾರ್ಮ್ 10ಇ ಸಲ್ಲಿಸಿ, ಪರಿಷ್ಕೃತ ರಿಟರ್ನ್‌ಗೆ ಅವಧಿ ಇದ್ದರೆ ರಿಟರ್ನ್ ಅನ್ನೂ ಮತ್ತೊಮ್ಮೆ ಸಲ್ಲಿಸಿ. ಆಗ ಕ್ರಮ ಸರಿಹೋಗುತ್ತದೆ. ಪರಿಹಾರ ತಿರಸ್ಕರಿಸಿದ ಪತ್ರ ಆಗಲೇ ಬಂದಿದ್ದರೆ ಮೊದಲು ಫಾರ್ಮ್ ಸಲ್ಲಿಸಿ, ಆನಂತರ 154ನೇ ಸೆಕ್ಷನ್‌ನ ಅಡಿ ತಿದ್ದುಪಡಿಗೆ ಅರ್ಜಿ ಹಾಕಿ. ಪೋರ್ಟಲ್‌ನ `Services` ಒಳಗೆ `Rectification` ಇದೆ. ಅಲ್ಲಿಯೂ ಒಪ್ಪದಿದ್ದರೆ ಮೇಲ್ಮನವಿಯ ದಾರಿ ಇದೆ, ಅದಕ್ಕೆ ಕಾಲಮಿತಿ ಇರುವುದರಿಂದ ಪತ್ರದ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಪತ್ರದಲ್ಲಿ ಬಾಕಿ ಎಂದು ಬರೆದದ್ದನ್ನು ಕಂಡು ಹೆದರಿ ಅದೇ ದಿನ ಹಣ ಕಟ್ಟುವ ಮೊದಲು, ಫಾರ್ಮ್ 10ಇ ಸಲ್ಲಿಕೆಯಾಗಿದೆಯೇ ಎಂದು `View Filed Forms` ತೆರೆದು ನೋಡಿ.